ಮಾಲೀಕರ ಸಹಿ ‘ಅಸಿಂಧು’ ಆಗಿದ್ದು ಯಾಕೆ?

ಪ್ರಶ್ನೆ: ಮನೆ ಮಾಲೀಕರು ಡಿಜಿಟಲ್ ಸಹಿ ಹಾಕಿದ ಬಾಡಿಗೆ ಕರಾರಿನ ಪಿಡಿಎಫ್ ಕಳಿಸಿದ್ದರು. ಫೋನಿನ ಒಂದು ಉಚಿತ ಆ್ಯಪ್‌ನಲ್ಲಿ ನನ್ನ ವಿಳಾಸ ತುಂಬಿ, ಬೆರಳಿನಿಂದ ಸಹಿ ಗೀಚಿ ವಾಪಸ್ ಕಳಿಸಿದೆ. ಈಗ ಅವರ ಸಹಿಯೇ ಅಸಿಂಧು ಅಂತ ತೋರಿಸ್ತಿದೆಯಂತೆ. ಯಾವ ಆ್ಯಪ್ ಬಳಸಲಿ?

ಉತ್ತರ: ಮಾಲೀಕರು ಹಾಕಿದ್ದೂ ನೀವು ಗೀಚಿದ್ದೂ ಒಂದೇ ಜಾತಿಯ ಸಹಿಗಳಲ್ಲ. ನಿಮ್ಮದು ಪುಟದ ಮೇಲೆ ಅಂಟಿಸಿದ ಚಿತ್ರ. ಅವರದು ಪ್ರಮಾಣಪತ್ರ ಆಧಾರಿತ ಸಹಿ. ಅದು ಸಹಿ ಹಾಕಿದ ಗಳಿಗೆಯಲ್ಲಿ ಕಡತ ಹೇಗಿತ್ತೋ ಅದರ ಲೆಕ್ಕವನ್ನು ಬೈಟ್ ಬೈಟಾಗಿ ಹಿಡಿದಿಟ್ಟಿರುತ್ತದೆ. ಒಳ್ಳೆಯ ಆ್ಯಪ್ ಹಳೆಯದನ್ನು ಮುಟ್ಟದೆ, ಹೊಸ ಬದಲಾವಣೆಯನ್ನು ಕಡತದ ಕೊನೆಗೆ ಸೇರಿಸುತ್ತದೆ. ಹೀಗಾಗಿ ಕರಾರಿನಲ್ಲೇ ಇರುವ ಖಾಲಿ ಕೋಶವನ್ನು ತುಂಬಿದರೆ, ಮಾಲೀಕರು ಅದಕ್ಕೆ ಬೀಗ ಹಾಕಿರದಿದ್ದರೆ, ಸಹಿ ಸಾಮಾನ್ಯವಾಗಿ ಉಳಿಯುತ್ತದೆ. ಹಲವು ಉಚಿತ ಆ್ಯಪ್‌ಗಳು ಮಾತ್ರ ಇಡೀ ಕಡತವನ್ನೇ ಹೊಸದಾಗಿ ಬರೆದು ಉಳಿಸುತ್ತವೆ. ಅಲ್ಲಿಗೆ ಲೆಕ್ಕ ತಪ್ಪುತ್ತದೆ. ನಿಮಗೆ ಆಗಿರುವುದು ಬಹುಶಃ ಇದೇ. ‘ಪ್ರಿಂಟ್ ಟು ಪಿಡಿಎಫ್’ ಮಾಡಿದರಂತೂ ಸಹಿಯ ಚಿತ್ರ ಉಳಿದು ಸಹಿಯೇ ಹೋಗಿಬಿಡುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಕಾಣುವುದರಿಂದ ಇದು ಇನ್ನೂ ಕೆಟ್ಟದ್ದು.

ಆ್ಯಪ್ ಆರಿಸುವ ಮೊದಲು ಕರಾರಿನ ನಕಲಿನ ಮೇಲೆ ಪರೀಕ್ಷೆ ಮಾಡಿ. ಒಂದು ಕೋಶ ತುಂಬಿ, ಉಳಿಸಿ, ಆ ಕಡತವನ್ನು ಕಂಪ್ಯೂಟರಿನ ಅಕ್ರೊಬ್ಯಾಟ್ ರೀಡರ್‌ನಲ್ಲಿ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ "At least one signature is invalid" ಎಂದು ಬಂದರೆ, ಅಥವಾ ಸಹಿಯ ಪಟ್ಟಿಯೇ ಕಾಣದಿದ್ದರೆ, ಆ ಆ್ಯಪ್ ಬೇಡ. ಕನ್ನಡದಲ್ಲಿ ತುಂಬಿದ್ದರೆ ಅಕ್ಷರದ ಬದಲು ಚೌಕಗಳು ಬಂದಿವೆಯೇ ಎಂದೂ ನೋಡಿ. ಫಾರ್ಮಿನ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಹಾಗಾಗುತ್ತದೆ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಇದನ್ನೇ ಮತ್ತೆ ಮಾಡಿ. ಆಗ ಕೆಲಸ ನಿಂತರೆ, ನಿಮ್ಮ ಗುರುತಿನ ವಿವರ ಇರುವ ಕರಾರು ಯಾರದೋ ಸರ್ವರಿಗೆ ಹೋಗುತ್ತಿರುವ ಸಾಧ್ಯತೆ ಹೆಚ್ಚು.

ಬರೀ ಫಾರ್ಮ್ ತುಂಬಿ ಚಿತ್ರದ ಸಹಿ ಹಾಕಲು ಐಫೋನಿನ ಮಾರ್ಕಪ್ ಅಥವಾ ಅಕ್ರೊಬ್ಯಾಟ್‌ನ ‘ಫಿಲ್ ಆ್ಯಂಡ್ ಸೈನ್’ ಸಾಕು. ಕರಾರಿಗೆ ಮಾತ್ರ ಡಾಕ್ಯುಸೈನ್‌ನಂಥ, ಇಬ್ಬರಿಗೂ ಸರದಿಯಂತೆ ಕಳಿಸುವ ಸೇವೆಯೇ ನನ್ನ ಆಯ್ಕೆ. ಯಾರು, ಯಾವಾಗ, ಯಾವ ಇಮೇಲ್‌ನಿಂದ ಸಹಿ ಹಾಕಿದರು ಎಂಬ ದಾಖಲೆ ಅದರಲ್ಲಿ ಸಿಗುತ್ತದೆ. ಕರಾರಿನ ಜೊತೆ ಅದನ್ನೂ ಇಳಿಸಿಕೊಳ್ಳಿ.

ಈಗ ಕೆಟ್ಟಿರುವ ಪ್ರತಿಯನ್ನು ರಿಪೇರಿ ಮಾಡಲಾಗದು. ಸಹಿಯಿಲ್ಲದ ಮೂಲ ಕಡತ ತರಿಸಿಕೊಂಡು ಹೆಸರು, ವಿಳಾಸ, ಬಾಡಿಗೆ, ತಾರೀಖು ಎಲ್ಲ ಮೊದಲು ತುಂಬಿ. ಇಬ್ಬರೂ ಓದಿ ಒಪ್ಪಿದ ಮೇಲೆ ಸಹಿಗಳು ಬರಲಿ. ನಿಮ್ಮಲ್ಲಿ ಬಾಡಿಗೆ ಕರಾರಿಗೆ ಛಾಪಾ ಕಾಗದವೋ ನೋಂದಣಿಯೋ ಕಡ್ಡಾಯವಿದ್ದರೆ ಯಾವ ಆ್ಯಪಿನ ಸಹಿಯೂ ಅದರ ಬದಲಿಗೆ ನಿಲ್ಲುವುದಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳಿ.