ಪ್ರಿಫರೆನ್ಸ್ ಷೇರಿನ ಡಿವಿಡೆಂಡ್ ಇಳಿಸೋಕೆ ಕ್ಲಾಸ್ ಮೀಟಿಂಗ್ ಬೇಕೇ ಬೇಕಾ?

"ನಮ್ಮದು ಪ್ರೈವೇಟ್ ಲಿಮಿಟೆಡ್. ಪ್ರಿಫರೆನ್ಸ್ ಷೇರಿನ ಡಿವಿಡೆಂಡ್ ಶೇ. 10ರಿಂದ 6ಕ್ಕೆ ಇಳಿಸಬೇಕು. ಈಕ್ವಿಟಿಯವರೆಲ್ಲ ಒಪ್ಪಿದ್ದಾರೆ. ಇಜಿಎಂನಲ್ಲಿ ಸ್ಪೆಷಲ್ ರೆಸಲ್ಯೂಷನ್ ಮಾಡಿ, ಪ್ರಿಫರೆನ್ಸ್‌ನವರ ಹತ್ತಿರ ಸಹಿ ಹಾಕಿಸಿಕೊಂಡರೆ ಸಾಕಲ್ವಾ? ಕ್ಲಾಸ್ ಮೀಟಿಂಗ್ ಬರೀ ಫಾರ್ಮಾಲಿಟಿ ತಾನೇ?"

ಸಹಿ ಎಷ್ಟು ಷೇರಿನವರದ್ದು ಅನ್ನೋದರ ಮೇಲೆ ಹೋಗುತ್ತೆ. ನಮ್ಮನ್ನು ಮುಳುಗಿಸಿದ್ದೂ ಅದೇ ಲೆಕ್ಕ.

ನಾನು ಹಣಕಾಸು ನೋಡಿಕೊಳ್ಳುತ್ತಿದ್ದ ಕಂಪನಿಯಲ್ಲಿ 100 ರೂಪಾಯಿ ಮುಖಬೆಲೆಯ 1,00,000 ಪ್ರಿಫರೆನ್ಸ್ ಷೇರುಗಳಿದ್ದವು. ಶೇ. 10 ಡಿವಿಡೆಂಡ್, ಕ್ಯುಮುಲೇಟಿವ್. ನಾವೂ ಶೇ. 6ಕ್ಕೆ ಇಳಿಸಲು ಹೊರಟೆವು. ದರ ಆರ್ಟಿಕಲ್ಸ್‌ನಲ್ಲೇ ಇತ್ತು, ಹಾಗಾಗಿ ಇಜಿಎಂನಲ್ಲಿ ತಿದ್ದುಪಡಿ ಪಾಸ್ ಮಾಡಿದೆವು. ಪ್ರಿಫರೆನ್ಸ್‌ನವರಿಗೆ ಒಪ್ಪಿಗೆ ಪತ್ರ ಕಳಿಸಿದೆವು. 70,000 ಷೇರಿನವರು ಸಹಿ ಹಾಕಿದರು. 12,000 ಷೇರು ಇಟ್ಟುಕೊಂಡಿದ್ದ ಒಬ್ಬರು ಆಗೋದಿಲ್ಲ ಅಂದರು. ಉಳಿದ 18,000 ಷೇರಿನವರಿಂದ ಉತ್ತರವೇ ಬರಲಿಲ್ಲ.

ನಾನು ಲೆಕ್ಕ ಹಾಕಿದೆ: ಉತ್ತರ ಕೊಟ್ಟ 82,000ದಲ್ಲಿ 70,000 ಒಪ್ಪಿಗೆ, ಅಂದರೆ ಶೇ. 85. ಮುಕ್ಕಾಲು ಪಾಲು ದಾಟಿತು, ಫೈಲ್ ಮುಚ್ಚಿದೆ.

ಇಲ್ಲೇ ಎಡವಿದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪನಿ ಕಾಯ್ದೆ 2013ರ ಸೆಕ್ಷನ್ 48 ಎರಡು ದಾರಿ ಕೊಡುತ್ತೆ. ಒಂದು, ಲಿಖಿತ ಒಪ್ಪಿಗೆ. ಇನ್ನೊಂದು, ಆ ವರ್ಗದವರದ್ದೇ ಪ್ರತ್ಯೇಕ ಸಭೆಯಲ್ಲಿ ಸ್ಪೆಷಲ್ ರೆಸಲ್ಯೂಷನ್. ಎರಡರಲ್ಲೂ ಮುಕ್ಕಾಲು ಪಾಲೇ ಬೇಕು, ಆದರೆ ಯಾವುದರ ಮುಕ್ಕಾಲು ಅನ್ನೋದು ಬೇರೆ. ಲಿಖಿತ ಒಪ್ಪಿಗೆಯಾದರೆ ಆ ವರ್ಗದಲ್ಲಿ ಇಶ್ಯೂ ಆದ ಅಷ್ಟೂ ಷೇರುಗಳ ಮುಕ್ಕಾಲು. ನಮಗೆ 75,000 ಬೇಕಿತ್ತು, ಇದ್ದದ್ದು 70,000. ಸುಮ್ಮನಿದ್ದವರೂ ಅಲ್ಲಿ ವಿರೋಧಿಗಳ ಸಾಲಿಗೇ ಬಂದು ಕೂರುತ್ತಾರೆ. ಸಭೆಯಲ್ಲಾದರೆ ಬಿದ್ದ ಮತಗಳನ್ನಷ್ಟೇ ಎಣಿಸುತ್ತಾರೆ. ಅದೇ ಜನ, ಅದೇ ಅಭಿಪ್ರಾಯ, ಸಭೆ ಕರೆದಿದ್ದರೆ ಪಾಸ್ ಆಗುತ್ತಿತ್ತು. ನಾನು ಪತ್ರದ ದಾರಿ ಹಿಡಿದು ಸಭೆಯ ಲೆಕ್ಕ ಹಾಕಿದ್ದೆ.

ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಶೇ. 6 ಕೊಟ್ಟು, ಉಳಿದ ಲಾಭದಲ್ಲಿ ಈಕ್ವಿಟಿಗೂ ಡಿವಿಡೆಂಡ್ ಹಂಚಿದೆವು. ಹೊಸ ಹೂಡಿಕೆದಾರರ ವಕೀಲರು ಡ್ಯೂ ಡಿಲಿಜೆನ್ಸ್‌ನಲ್ಲಿ ಒಪ್ಪಿಗೆ ಪತ್ರಗಳನ್ನು ಕೂಡಿಸಿ ನೋಡಿದಾಗ ಸಿಕ್ಕಿಬಿದ್ದೆವು. ಬದಲಾವಣೆ ಆಗೇ ಇಲ್ಲ ಅಂದಮೇಲೆ ದರ ಇನ್ನೂ ಶೇ. 10. ವರ್ಷಕ್ಕೆ 4 ಲಕ್ಷದಂತೆ 8 ಲಕ್ಷ ಬಾಕಿ. ಪ್ರಿಫರೆನ್ಸ್‌ನವರಿಗೆ ಬಾಕಿ ಇಟ್ಟುಕೊಂಡು ಈಕ್ವಿಟಿಗೆ ಹಂಚಿದ್ದು ಅದಕ್ಕಿಂತ ದೊಡ್ಡ ತಲೆನೋವು.

ಈಗ ನಿಮ್ಮ ವಿಷಯ. "ಈಕ್ವಿಟಿಯವರೆಲ್ಲ ಒಪ್ಪಿದ್ದಾರೆ" ಅನ್ನೋದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಉಳಿಯೋ ದುಡ್ಡು ಹೋಗೋದು ಅವರ ಕಡೆಗೇ, ಒಪ್ಪದೆ ಏನು ಮಾಡ್ತಾರೆ? ನಿಮ್ಮ ಪ್ರಮೋಟರ್‌ಗಳ ಹತ್ತಿರ ಪ್ರಿಫರೆನ್ಸ್ ಷೇರುಗಳೂ ಇದ್ದರೆ ಇನ್ನೂ ಹುಷಾರಾಗಿರಿ. ಇಂಗ್ಲೆಂಡಿನ ಹೋಲ್ಡರ್ಸ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಪ್ರಕರಣದಲ್ಲಿ (1971) ಪ್ರಿಫರೆನ್ಸ್ ಷೇರುಗಳ ಸುಮಾರು ಶೇ. 90 ಟ್ರಸ್ಟಿಗಳ ಕೈಯಲ್ಲಿತ್ತು. ಅವರಿಗೆ ಸಾಮಾನ್ಯ ಷೇರುಗಳೂ ಇದ್ದವು. ವರ್ಗದ ಹಿತ ನೋಡದೆ ತಮ್ಮ ಒಟ್ಟು ಲಾಭ ನೋಡಿ ಮತ ಹಾಕಿದರು ಅಂತ ಆ ಒಪ್ಪಿಗೆಯನ್ನು ಕೋರ್ಟ್ ಮಾನ್ಯ ಮಾಡಲಿಲ್ಲ. ಅದು ನಮ್ಮ ಕಂಪನಿ ವ್ಯಾಜ್ಯ ನೋಡೋ ಟ್ರಿಬ್ಯುನಲ್ ಎನ್‌ಸಿಎಲ್‌ಟಿಗೆ ಕಟ್ಟುಪಾಡಲ್ಲ, ಆದರೆ ಎದುರಾಳಿ ವಕೀಲರು ಎತ್ತೇ ಎತ್ತುತ್ತಾರೆ. ಹಾಗಾಗಿ ಕ್ಲಾಸ್ ಮೀಟಿಂಗ್ ಫಾರ್ಮಾಲಿಟಿಯಾ ಅಂತ ಕೇಳೋದು ಬಿಡಿ. ಶೇ. 4 ಬಿಟ್ಟುಕೊಡೋ ಆ ವರ್ಗಕ್ಕೆ ಬದಲಿಗೆ ನೀವೇನು ಕೊಡ್ತೀರಿ?

ನಾವು ಎರಡನೇ ಸಲ ಮೊದಲು ಆ 12,000 ಷೇರಿನವರ ಜೊತೆ ಕೂತು ಮಾತಾಡಿದೆವು. ಬಾಕಿ ಪೂರ್ತಿ ಕೊಟ್ಟೆವು, ರಿಡೆಂಪ್ಷನ್ ದಿನಾಂಕ ಇನ್ನೂ ಬೇಗ ಬರುವಂತೆ ಮಾಡಿದೆವು. ಅದೂ ಹಕ್ಕಿನ ಬದಲಾವಣೆಯೇ, ಅದೇ ನಿರ್ಣಯದಲ್ಲಿ ಸೇರಿಸಿದೆವು. ಬದಲಾಯಿಸಲು ಆರ್ಟಿಕಲ್ಸ್‌ನಲ್ಲಿ ಅವಕಾಶ ಇದೆಯಾ, ಇಲ್ಲದಿದ್ದರೆ ಇಶ್ಯೂ ಷರತ್ತುಗಳು ಅಡ್ಡ ಬರುತ್ತವಾ ಅಂತ ಓದಿ ನೋಡಿಯೇ ನೋಟಿಸ್ ಕಳಿಸಿದ್ದು. ಸಭೆಯಲ್ಲಿ ಪ್ರಿಫರೆನ್ಸ್‌ನವರಷ್ಟೇ ಕೂತರು. ಹಾಜರಿ, ಮಿನಿಟ್ಸ್ ಎಲ್ಲ ಬೇರೆ. 82,000 ಮತಗಳೂ ಪರವಾಗಿ ಬಿದ್ದವು. 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ನಿರ್ಣಯದ ಫಾರ್ಮ್ MGT-14 ಹಾಕಿದೆವು.

18,000 ಷೇರಿನವರು ಆಗಲೂ ಬರಲಿಲ್ಲ. ಆದರೆ ಪರವಾಗಿ ಮತ ಹಾಕದವರು ಆ ವರ್ಗದ ಶೇ. 10ರಷ್ಟಿದ್ದರೆ ಸಾಕು, 21 ದಿನದೊಳಗೆ ಎನ್‌ಸಿಎಲ್‌ಟಿಗೆ ಹೋಗಬಹುದು. ಗೈರಾದವರಿಗೂ ಆ ಹಕ್ಕಿದೆ. ಅರ್ಜಿ ಬಿತ್ತೆಂದರೆ ಟ್ರಿಬ್ಯುನಲ್ ಖಚಿತಪಡಿಸುವ ತನಕ ಬದಲಾವಣೆ ಜಾರಿಗೆ ಬರಲ್ಲ. ಅದಕ್ಕೇ ಆ ಗಡುವು ಕಳೆದ ಮೇಲಷ್ಟೇ ಶೇ. 6ರ ಲೆಕ್ಕದಲ್ಲಿ ಡಿವಿಡೆಂಡ್ ಘೋಷಿಸಿದ್ದು.