ಬೇಸಿಗೆ ರಜೆಯ ಏಳು ವಾರ: ಮಕ್ಕಳನ್ನು ನೋಡಿಕೊಳ್ಳುವವರು ಯಾರು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ ಬೆಂಗಳೂರಿನ ದಂಪತಿ. ಆಕೆ ಬ್ಯಾಂಕ್ ಉದ್ಯೋಗಿ, ಆತ ಖಾಸಗಿ ಕಂಪನಿಯಲ್ಲಿ. ಮಗಳಿಗೆ ಒಂಬತ್ತು, ಮಗನಿಗೆ ಐದು ವರ್ಷ. ಏಪ್ರಿಲ್ 11ರಿಂದ ಮೇ 28ರವರೆಗೆ ಶಾಲೆ ಇಲ್ಲ. "ಊರಿಗೆ ಕಳಿಸಿಬಿಡೋಣ, ಅಮ್ಮ ನೋಡ್ಕೋತಾರೆ" ಎಂದು ಆತ ಹೇಳಿದ್ದೇ ಜಗಳಕ್ಕೆ ಕಾರಣ. ಹಿಂದಿನ ವರ್ಷ ಆಕೆ ತಮ್ಮ ರಜೆಯನ್ನೆಲ್ಲ ಬೇಸಿಗೆಗೇ ಖರ್ಚು ಮಾಡಿದ್ದರು. ಅಕ್ಟೋಬರಿನಲ್ಲಿ ಮಗನಿಗೆ ಜ್ವರ ಬಂದಾಗ ಸಂಬಳ ಬಿಟ್ಟು ಮನೆಯಲ್ಲಿ ಕೂತರು. ಗಂಡನ ಗಳಿಕೆ ರಜೆ ಮುಟ್ಟದೇ ಉಳಿದಿತ್ತು. ಆಕೆಯ ಸಿಟ್ಟು ನನಗೆ ಪೂರ್ತಿ ನ್ಯಾಯವೆನಿಸಿತು.

ಕ್ಯಾಲೆಂಡರ್ ಮುಂದಿಟ್ಟು, ಮಕ್ಕಳ ಜೊತೆ ದೊಡ್ಡವರಿಲ್ಲದ ಗಂಟೆಗಳನ್ನು ಗುರುತಿಸಲು ಇಬ್ಬರಿಗೂ ಹೇಳಿದೆ. ಆಗ ಗೊತ್ತಾಯಿತು: ಅವರು ನೆಚ್ಚಿಕೊಂಡಿದ್ದ ಬೇಸಿಗೆ ಶಿಬಿರ ಎರಡೇ ವಾರದ್ದು, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ. ಮಧ್ಯಾಹ್ನದಿಂದ ಸಂಜೆ ಆರೂವರೆವರೆಗೆ ಏನೂ ಇಲ್ಲ. ದಿನಕ್ಕೆ ಐದೂವರೆ ಗಂಟೆ ಖಾಲಿ. ಅರ್ಧ ದಿನದ ಶಿಬಿರವನ್ನು ಪೂರ್ತಿ ದಿನದ ವ್ಯವಸ್ಥೆ ಎಂದು ಲೆಕ್ಕ ಹಾಕುವುದನ್ನು ಬಹಳ ಮನೆಗಳಲ್ಲಿ ಕಾಣುತ್ತೇನೆ.

ಊರಿನ ವಿಷಯವನ್ನು ಸೊಸೆ ಎತ್ತಬಾರದು, ಮಗನೇ ತಾಯಿಯ ಬಳಿ ಮಾತಾಡಬೇಕು ಎಂದೆ. "ನೋಡ್ಕೋತೀಯಾ?" ಎಂದು ಕೇಳಿದರೆ ಯಾವ ಅಜ್ಜಿಯೂ ಇಲ್ಲ ಅನ್ನುವುದಿಲ್ಲ. ಆದ್ದರಿಂದ "ಎಷ್ಟು ದಿನ ಆಗುತ್ತೆ, ಏನು ಕಷ್ಟ ಆಗುತ್ತೆ?" ಎಂದು ಕೇಳಲು ಹೇಳಿಕೊಟ್ಟೆ. ಉತ್ತರ ಬಂತು: "ಮೂರು ವಾರ ಇರಲಿ ಕಣಪ್ಪ. ದೊಡ್ಡವಳದ್ದೇನೂ ಇಲ್ಲ. ಚಿಕ್ಕೋನು ಬಾವಿ ಕಡೆ ಓಡ್ತಾನೆ, ಈ ಮಂಡಿನೋವಲ್ಲಿ ಅವನ ಹಿಂದೆ ನಾನು ಓಡಕ್ಕಾಗಲ್ಲ." ಏಳು ವಾರದ ಯೋಜನೆ ಅಲ್ಲಿಗೆ ಬಿತ್ತು. ಬಿದ್ದದ್ದು ಒಳ್ಳೆಯದೇ.

ಕೊನೆಗೆ ಒಪ್ಪಿದ್ದು ಹೀಗೆ. ಮೊದಲ ಎರಡು ವಾರ ಶಿಬಿರ. ಮಧ್ಯಾಹ್ನಕ್ಕೆ ಶಿಬಿರದ ಪಕ್ಕದ ಡೇಕೇರ್, ಆತ ಮನೆಯಿಂದ ಕೆಲಸ ಮಾಡುವ ಎರಡು ದಿನ ಮಾತ್ರ ಮನೆ. ಆ ಎರಡು ದಿನವೂ ಮೀಟಿಂಗ್ ಇಲ್ಲದ ಹೊತ್ತು ಯಾವುದು ಎಂದು ಮೊದಲೇ ಗುರುತಿಸಿಕೊಳ್ಳಬೇಕು, ಲ್ಯಾಪ್‌ಟಾಪ್ ಮುಂದೆ ಕೂತವರು ಐದು ವರ್ಷದ ಮಗುವನ್ನು ನೋಡಿಕೊಂಡಂತಾಗುವುದಿಲ್ಲ. ನಂತರ ಮೂರು ವಾರ ಊರು. ಬಾವಿಗೆ ಜಾಲರಿ ಹಾಕಿಸುವುದು, ಹಗಲು ಅಜ್ಜಿಯ ಜೊತೆಗಿರಲು ಪರಿಚಯದ ಹೆಂಗಸೊಬ್ಬರನ್ನು ಸಂಬಳ ಕೊಟ್ಟು ನೇಮಿಸುವುದು, ಎರಡೂ ಆತನ ಹೊಣೆ. ಕೊನೆಯ ಎರಡು ವಾರದಲ್ಲಿ ಒಂದು ವಾರ ಆತನ ರಜೆ, ಇನ್ನೊಂದು ಆಕೆಯದು. ಇಬ್ಬರೂ ಒಟ್ಟಿಗೆ ರಜೆ ಹಾಕಿದರೆ ಒಂದು ವಾರ ಪೂರ್ತಿ ಕೈತಪ್ಪುತ್ತದೆ. ದಸರಾ ರಜೆಗೂ ಜ್ವರಕ್ಕೂ ಇಬ್ಬರ ಖಾತೆಯಲ್ಲೂ ನಾಲ್ಕು ನಾಲ್ಕು ದಿನ ಉಳಿಸಬೇಕು ಎಂದು ಪಟ್ಟು ಹಿಡಿದೆ.

ಊರಿಗೆ ಫೋನ್ ಮಾಡಿದಾಗ "ಏನೂ ತೊಂದರೆ ಇಲ್ಲ" ಎಂಬ ಮಾತನ್ನು ನೆಚ್ಚಬೇಡಿ, ಹಗಲೆಲ್ಲ ಟಿವಿ ಎಷ್ಟು ಹೊತ್ತು ಓಡಿತು ಎಂದು ಮಗಳನ್ನು ಕೇಳಿ ಎಂದಿದ್ದೆ. ಎರಡನೇ ವಾರ ಟಿವಿಯ ಹೊತ್ತು ಏರಿತು: ಅಜ್ಜಿ ಸೋತಿದ್ದರು. ಆತ ಎರಡು ದಿನ ರಜೆ ಹಾಕಿ ಊರಿಗೆ ಹೋದರು. ಆ ಎರಡು ದಿನವೂ ಆತನ ಲೆಕ್ಕದಿಂದಲೇ ಹೋಯಿತು.