ಹಾಲು ಕುಡಿತಾನೇ ನಿದ್ದೆ ಮಾಡೋ ಮಗು

ಪ್ರಶ್ನೆ: ಮೇಡಂ, ಮಗಳಿಗೆ 9 ತಿಂಗಳು. ಎದೆಹಾಲು ಕುಡಿತಾ ಕುಡಿತಾನೇ ಮಲಗೋದು, ರಾತ್ರಿ ಗಂಟೆಗೊಂದ್ಸಲ ಎದ್ದು ಮತ್ತೆ ಹಾಲೇ ಬೇಕು. ಹಾಲು ಸಾಲ್ತಿಲ್ಲ, ಬಾಟ್ಲಿ ಹಾಕು ಅಂತಾರೆ ಅತ್ತೆ. ಮಗೂನ ಅಳಿಸೋಕೆ ನಂಗೆ ಮನಸ್ಸಿಲ್ಲ, ಏನ್ ಮಾಡ್ಲಿ? – ಒಬ್ಬ ತಾಯಿ, ಹಾಸನ

ಉತ್ತರ: ತೂಕ ಸರಿಯಾಗಿ ಏರ್ತಿದ್ದು ದಿನಕ್ಕೆ ಆರು ಸಲಕ್ಕಿಂತ ಕಮ್ಮಿಯಿಲ್ದೆ ಉಚ್ಚೆ ಮಾಡ್ತಿದ್ರೆ ಹಾಲು ಸಾಲ್ತಿದೆ ಅಂತಾನೇ ಅರ್ಥ, ಅತ್ತೆಯವ್ರಿಗೂ ಇದನ್ನೇ ಹೇಳಿ. ಈ ವಯಸ್ಸಿನ ಮಕ್ಳ ನಿದ್ದೆ ಮುಕ್ಕಾಲು ಗಂಟೆ, ಒಂದು ಗಂಟೆಗೊಮ್ಮೆ ತೆಳುವಾಗುತ್ತೆ, ಆಗ ಅರೆಎಚ್ಚರ ಆಗೋದು ಸಹಜ. ಮಲಗುವಾಗ ಬಾಯಲ್ಲಿ ಮೊಲೆ ಇತ್ತು, ಈಗ ಇಲ್ಲ, ಅದಕ್ಕೇ ಹುಡುಕ್ತಾಳೆ, ಪ್ರತಿ ಸಲ ಹಸಿವಾಗಿರುತ್ತೆ ಅಂತಲ್ಲ. ಆದ್ರೆ 9 ತಿಂಗಳಲ್ಲಿ ರಾತ್ರಿ ಒಂದೆರಡು ಸಲ ನಿಜವಾಗ್ಲೂ ಹಸಿವಾಗ್ಬಹುದು, ಆಗಿನ ಹಾಲನ್ನ ಕಿತ್ಕೋಬೇಡಿ.

ಕುಡಿತಾನೇ ಮಲಗೋ ಅಭ್ಯಾಸ ಬಿಡಿಸೋಕೆ ಶುರು ಮಾಡೋದು ಮಲಗೋ ಹೊತ್ತಿನ ಹಾಲಿಂದ, ಯಾಕಂದ್ರೆ ನಿದ್ದೆಯ ಸೆಳೆತ ಆಗ್ಲೇ ಜಾಸ್ತಿ ಇರುತ್ತೆ, ನಡುರಾತ್ರಿ ಶುರು ಮಾಡಿದ್ರೆ ಇಬ್ರಿಗೂ ಸುಸ್ತು. ಸಂಜೆ ರಾಗಿ ಸರಿ ತಿನ್ಸಿ, ಆಮೇಲೆ ಲೈಟ್ ಕಮ್ಮಿ ಮಾಡಿ ಹಾಲು ಕೊಡಿ, ಮೊದ್ಲು ಗುಟುಕು ಗುಟುಕಾಗಿ ನುಂಗ್ತಿದ್ದವಳು ಸ್ವಲ್ಪ ಹೊತ್ತಾದ್ಮೇಲೆ ಬರೀ ತುಟಿ ಅದುರಿಸ್ತಾಳಲ್ಲ, ಆಗ ಬಾಯಿಯ ಮೂಲೇಲಿ ಕಿರುಬೆರಳು ತೂರಿಸಿ ಹಿಡಿತ ಬಿಡಿಸಿ, ಗದ್ದ ಕೆಳಗಿಂದ ಮೆಲ್ಲಗೆ ಒತ್ತಿ ಹಿಡಿದು ಬೆನ್ನು ತಟ್ತಾ ಲಾಲಿ ಹೇಳಿ. ಅಳು ಶುರುವಾದ್ರೆ ಮತ್ತೆ ಕೊಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಡಿಸಿ. ಮೊದಲ ರಾತ್ರಿಗಳಲ್ಲಿ ನಾಲ್ಕೈದು ಸಲ ಹಿಂಗಾಗ್ಬಹುದು, ಒಂದಿನ ಬಿಡಿಸೋಕೆ ಆಗ್ಲೇ ಇಲ್ಲ ಅಂದ್ರೂ ಪರ್ವಾಗಿಲ್ಲ.

ಹೀಗೆ ವಾರ ಹತ್ತು ದಿನ ಮಾಡಿ ಅವಳು ಮೊಲೆ ಬಿಟ್ಟು ನಿದ್ದೆಗೆ ಜಾರೋದು ಅಭ್ಯಾಸ ಆದ್ಮೇಲೆ, ಹಾಲು ಮುಗಿಸಿ ಆಮೇಲೆ ಬಟ್ಟೆ ಬದಲಾಯಿಸೋದು, ಲಾಲಿ ಹಾಡೋದು ಇಟ್ಕೊಳ್ಳಿ, ಹಾಲಿಗೂ ನಿದ್ದೆಗೂ ನಡುವೆ ಒಂದು ಹತ್ತು ನಿಮಿಷ ಸಿಕ್ಕುತ್ತೆ. ಮುಂದಿನ ಹೆಜ್ಜೆ, ಮೊದಲನೇ ಎಚ್ಚರಕ್ಕೆ ನಿಮ್ ಬದ್ಲು ಯಜಮಾನ್ರೋ ಅತ್ತೆಯವ್ರೋ ಎತ್ಕೊಂಡು ತಟ್ಲಿ, ನಿಮ್ಮ ಹಾಲಿನ ವಾಸನೆ ಹತ್ರ ಇಲ್ದಿದ್ರೆ ಅವಳಿಗೂ ಸುಲಭ. ಐದು ನಿಮಿಷಕ್ಕೂ ಸುಮ್ನಾಗದೆ ಅಳು ಜೋರಾದ್ರೆ ಹಾಲು ಕೊಟ್ಬಿಡಿ. ಉಳಿದ ಎಚ್ಚರಗಳಿಗೆ ಸದ್ಯ ಮುಂಚಿನ ಥರಾನೇ ಇರ್ಲಿ. ಒಂದೇ ಸಲ ಎಲ್ಲಾ ನಿಲ್ಸಿದ್ರೆ ಮಗು ಕಂಗಾಲಾಗುತ್ತೆ, ನಿಮ್ಗೂ ಎದೇಲಿ ಹಾಲು ಕಟ್ಟಿ ಗಂಟಾಗ್ಬಹುದು.

ತೊಟ್ಟಿಲು ಜೋರಾಗಿ ತೂಗಿ ಮಲಗಿಸೋಕೆ ಹೋಗ್ಬೇಡಿ, ಆಗ ಪ್ರತಿ ಎಚ್ಚರಕ್ಕೂ ಎದ್ದು ತೂಗ್ಬೇಕಾಗುತ್ತೆ ಅಷ್ಟೆ. ಬಾಟ್ಲೀಲಿ ಹಾಲು ಕೊಟ್ಟು ಮಲಗಿಸಿದ್ರೂ ಅಭ್ಯಾಸ ಅದೇ, ಮೇಲಿಂದ ಹೊಸ ಹಲ್ಲು ಹುಳುಕು. ಜ್ವರ, ಶೀತ, ಹಲ್ಲು ಬರೋ ದಿನಗಳಲ್ಲಿ ಇದನ್ನೆಲ್ಲ ನಿಲ್ಸಿ, ಕೇಳಿದಾಗೆಲ್ಲ ಹಾಲು ಕೊಡಿ, ಗುಣ ಆದ್ಮೇಲೆ ಮತ್ತೆ ಶುರು ಮಾಡ್ಬಹುದು. ಗೊರಕೆ ಜೋರಾಗಿದ್ರೆ, ತೂಕ ಏರ್ದಿದ್ರೆ, ಕಿವಿ ಎಳ್ಕೊಂಡು ಅಳ್ತಿದ್ರೆ ಮಾತ್ರ ಅಭ್ಯಾಸ ಅಂತ ಬಿಡ್ದೆ ಮಕ್ಕಳ ಡಾಕ್ಟ್ರಿಗೆ ತೋರ್ಸಿ.